ಟೇಪು ಸುತ್ತಿದ ಬಟನ್ನು, ಒಂದು ಎಚ್ಚರಿಕೆ ಪತ್ರ

ಪ್ರೆಸ್ ಶಾಪಿನಲ್ಲಿ ಎಚ್ಚರಿಕೆ ಪತ್ರ ಕೊಟ್ಟರೆ ಯೂನಿಯನ್ ಜೊತೆ ಜಗಳವೇ ಹೊರತು ಬೇರೇನೂ ಗಿಟ್ಟಲ್ಲ ಎಂದವರೇ ಹೆಚ್ಚು. ನಮ್ಮಲ್ಲಿ ಗಿಟ್ಟಿದೆ. 63 ಟನ್ನಿನ ಪವರ್ ಪ್ರೆಸ್ ಒಂದರ ಪತ್ರ ನೋಡಿ. ಕೈ ಡೈಯೊಳಗೆ ಸಿಗದಿರಲೆಂದು ಅದಕ್ಕೆ ಎರಡು ಬಟನ್, ಎರಡನ್ನೂ ಎರಡು ಕೈಯಲ್ಲಿ ಒತ್ತಿದರೆ ಮಾತ್ರ ಪ್ರೆಸ್ಸು ಹೊಡೆಯಬೇಕು. ಆಪರೇಟರು ಎಡಗಡೆಯ ಬಟನ್ನನ್ನು ಟೇಪಿನಿಂದ ಒತ್ತಿ ಕಟ್ಟಿದ್ದ; ಬಲಗೈಯಲ್ಲಿ ಸ್ಟ್ರೋಕ್ ಹೊಡೆಯುತ್ತ ಎಡಗೈಯಲ್ಲಿ ಡೈಗೆ ತುಂಡು ಇಡುತ್ತಿದ್ದ.

ಹಿಂದಿನ ಪತ್ರಗಳಲ್ಲಿ 'ನಿರ್ಲಕ್ಷ್ಯ ತೋರಿದ್ದೀರಿ' ಎಂದಷ್ಟೇ ಇರುತ್ತಿತ್ತು. 'ಏನು ನಿರ್ಲಕ್ಷ್ಯ ಸ್ವಾಮಿ?' ಎಂದರೆ ಉತ್ತರವಿಲ್ಲ. ಈಗ ಕಂಡದ್ದನ್ನೇ ಬರೆಯುತ್ತೇವೆ: 'ಎರಡನೇ ಶಿಫ್ಟಿನಲ್ಲಿ, ಸಂಜೆ ಆರರ ಸುಮಾರಿಗೆ, ಈ ನಂಬರಿನ ಪ್ರೆಸ್ಸಿನ ಎಡ ಬಟನ್ನಿಗೆ ಟೇಪು ಸುತ್ತಿ ಕೆಲಸ ಮಾಡುತ್ತಿದ್ದಿರಿ. ಶಿಫ್ಟ್ ಸೂಪರ್‌ವೈಸರ್ ಮತ್ತು ಸುರಕ್ಷತಾ ಸಮಿತಿಯ ಸದಸ್ಯರೊಬ್ಬರು ನೋಡಿದ್ದಾರೆ.' ಟೇಪು ಬಿಚ್ಚುವ ಮೊದಲೇ ಫೋಟೋ.

ನಿಯಮದ ಸಾಲಿಗೆ ಮೂರು ಆಧಾರ: ಆತ ಸಹಿ ಹಾಕಿದ್ದ ಪ್ರೆಸ್ಸಿನ ಕೆಲಸದ ಸೂಚನೆ, ಸ್ಥಾಯಿ ಆದೇಶದ ಕಲಂ, ಮತ್ತು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 111ನೇ ಕಲಂ. ಸುರಕ್ಷತಾ ಸಾಧನವನ್ನು ಬೇಕೆಂದೇ ಕೆಡಿಸಬಾರದು ಎನ್ನುತ್ತದೆ ಅದು. 'ಬೇಕೆಂದೇ' ಎಂಬುದಕ್ಕೆ ಟೇಪೇ ಸಾಕ್ಷಿ. ಕನ್ನಡಕ ಹಾಕಲು ಮರೆತವನಿಗೆ ಇದೇ ಕಲಂ ಹಾಕಿದರೆ ನಿಲ್ಲುವುದಿಲ್ಲ. ಈಗ ಬರೆಯುವವರು ಅದರ ಬದಲಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಸರಿಹೊಂದುವ ಕಲಂ ನೋಡಿಕೊಳ್ಳಿ.

ಪತ್ರಕ್ಕೆ ಮೊದಲು ಬರವಣಿಗೆಯಲ್ಲಿ ವಿವರಣೆ ಕೇಳಲೇಬೇಕು. ಆತ ಬರೆದದ್ದು: 'ಟಾರ್ಗೆಟ್ ಆಗಲ್ಲ ಸಾರ್, ಟೇಪು ಹಾಕಿದರೆ ಗಂಟೆಗೆ ಎಂಬತ್ತೋ ನೂರೋ ಪೀಸು ಜಾಸ್ತಿ ಬರುತ್ತೆ.' ಇದನ್ನು ಫೈಲಿನಲ್ಲಿ ಹೂತಿಡಬೇಡಿ. ಒಂದು ಬಟನ್ ಕಟ್ಟಿದರೂ ಸ್ಟ್ರೋಕ್ ಬೀಳುತ್ತಿದೆ ಎಂದರೆ ವೈರಿಂಗೇ ಹಳೆಯದು, ಎರಡೂ ಬಟನ್ ಬರೀ ಸರಣಿಯಲ್ಲಿವೆ. ಪ್ರತಿ ಸ್ಟ್ರೋಕಿಗೂ ಎರಡನ್ನೂ ಬಿಟ್ಟು, ಮತ್ತೆ ಎರಡನ್ನೂ ಒಂದಕ್ಕೊಂದು ಸುಮಾರು ಅರ್ಧ ಸೆಕೆಂಡಿನ ಅಂತರದೊಳಗೆ ಒತ್ತಿದರೆ ಮಾತ್ರ ಸ್ಟ್ರೋಕ್ ಬೀಳಲು ಬಿಡುವ ಎರಡು ಕೈ ರಿಲೇ ಬೇಕು. ರಿಲೇ, ಕೂಲಿ ಸೇರಿ ನಮಗೆ ಆಗ ಸುಮಾರು ಹತ್ತು ಸಾವಿರ ಬಿತ್ತು. ಪತ್ರ ಕೊಟ್ಟ ವಾರದಲ್ಲೇ ಹಾಕಿಸಿದ್ದರಿಂದ ಯೂನಿಯನ್ನಿನ ಬಾಯಿ ಅರ್ಧ ಮುಚ್ಚಿತು.

ತರಬೇತಿಯನ್ನು ಶಿಕ್ಷೆ ಎಂದು ಬರೆಯಬೇಡಿ. ಆ ಸಮಯದ ಸಂಬಳವನ್ನೂ ಕತ್ತರಿಸಬೇಡಿ. ನಮ್ಮ ಸಾಲು ಹೀಗಿತ್ತು: 'ಏಳು ದಿನದೊಳಗೆ, ಕೆಲಸದ ವೇಳೆಯಲ್ಲಿ, ಎರಡು ಗಂಟೆ ತರಬೇತಿ ಪಡೆಯಬೇಕು. ಪಾಸಾಗುವವರೆಗೆ ಪ್ರೆಸ್ ಕೆಲಸ ಇಲ್ಲ.' ತರಬೇತಿ ಅದೇ ಮಷಿನ್ನಿನ ಮುಂದೆ. ಡೈ ಖಾಲಿ ಇಟ್ಟು, ಒಂದು ಬಟನ್ ಒತ್ತಿ ಹಿಡಿದು ಇನ್ನೊಂದನ್ನು ಆತನೇ ಒತ್ತಬೇಕು, ಡೈ ಮೇಲೆ ಇಳಿಯುವ ರಾಮ್ ಅಲ್ಲಾಡಬಾರದು. ಶಿಫ್ಟ್ ಶುರುವಿನಲ್ಲಿ ಇದನ್ನು ತಾನೇ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯುವುದು ಬಂದರೆ ಪಾಸು. ಪ್ರಶ್ನೆಪತ್ರಿಕೆ ಕೊಟ್ಟು ನೋಡಿದ್ದೂ ಉಂಟು, ಎಲ್ಲರೂ ಪಕ್ಕದವನದ್ದು ನೋಡಿ ಬರೆದರು.

ಪತ್ರ ಕನ್ನಡದಲ್ಲಿರಲಿ, ಆತನಿಗೆ ಬೇರೆ ಭಾಷೆಯಾದರೆ ಆ ಭಾಷೆಯಲ್ಲೂ ಒಂದು ಪ್ರತಿ. ಸಹಿ ಹಾಕಲ್ಲ ಎಂದರೆ ಎಳೆದಾಡಬೇಡಿ. ಇಬ್ಬರು ಸಾಕ್ಷಿಗಳ ಮುಂದೆ ಓದಿ ಹೇಳಿ, 'ಸ್ವೀಕರಿಸಲು ನಿರಾಕರಿಸಿದರು' ಎಂದು ಬರೆದು, ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ. ಇನ್ನು ಟೇಪು ಬಿಚ್ಚಿಟ್ಟ ಮೇಲೂ ಯಾರು ಕಟ್ಟಿದ್ದರು ಎಂದು ಗುರುತಿಸುವ ಉಪಾಯ ಒಂದಿದೆ, ಅದನ್ನು ಮಾತ್ರ ಬರೆಯುವುದಿಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ.