‘ಈಗ ಏನು ಮಾಡುತ್ತಿದ್ದೀಯ?’ ಎಂಬ ಪ್ರಶ್ನೆಗೆ ನಾನು ಸಿದ್ಧಪಡಿಸಿಕೊಂಡ ಉತ್ತರ

ಪೀಣ್ಯದ ಒಂದು ಪಂಪ್ ತಯಾರಿಕಾ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಬೆಳಗಾವಿ, ಕೊಲ್ಹಾಪುರ, ಶಿವಮೊಗ್ಗದ ಫೌಂಡ್ರಿಗಳಿಂದ ಎರಕದ ಬಿಡಿಭಾಗಗಳನ್ನು ತರಿಸುವುದು, ಅವುಗಳ ದರವನ್ನು ಲೆಕ್ಕ ಹಾಕಿ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಒಂದು ಮಾರ್ಚ್ ಕೊನೆಗೆ ಆಡಳಿತ ಮಂಡಳಿ ಖರೀದಿಯನ್ನೆಲ್ಲ ಪುಣೆಯ ಕಚೇರಿಗೆ ಸೇರಿಸಿ ಇಲ್ಲಿನ ವಿಭಾಗವನ್ನು ಮುಚ್ಚಿತು. ಮುಂದಿನ ಕೆಲಸ ಸಿಗಲು ವರ್ಷದ ಬಹುಭಾಗ ಹಿಡಿಯಿತು. ಅಷ್ಟು ಕಾಲ ಈ ಪ್ರಶ್ನೆ ಲಿಫ್ಟಿನಲ್ಲಿ, ಮದುವೆ ಮನೆಯಲ್ಲಿ, ಸಂದರ್ಶನದ ಕೊಠಡಿಯಲ್ಲಿ, ಮಗಳ ಶಾಲೆಯ ಗೇಟಿನ ಬಳಿ ಕೇಳಿಬರುತ್ತಲೇ ಇತ್ತು.

ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕೆಂದು ನಾನು ಕೆಲಸ ಹೋದ ವಾರದಲ್ಲೇ ನಿರ್ಧರಿಸಿದ್ದೆ. ನನಗಿಂತ ಮೊದಲು ಕೆಲಸ ಕಳೆದುಕೊಂಡ ಇಬ್ಬರು ಗೆಳೆಯರನ್ನು ಹತ್ತಿರದಿಂದ ನೋಡಿದ್ದೆ. ‘ಸದ್ಯಕ್ಕೆ ಏನೂ ಇಲ್ಲ, ನೋಡಬೇಕು’ ಎಂದು ಅವರು ಹೇಳಿದ ಕೂಡಲೇ ಎದುರಿನವರಿಗೆ ಆ ಮೌನವನ್ನು ತುಂಬಲೇಬೇಕು ಎನಿಸುತ್ತಿತ್ತು. ಊರಿಗೆ ಹೋಗಿ ತೋಟ ನೋಡಿಕೊಳ್ಳಬಾರದೇ, ಒಂದು ಅಂಗಡಿ ಇಡಬಾರದೇ ಎಂದು ಸಲಹೆಗಳು ಶುರುವಾಗುತ್ತಿದ್ದವು. ಕೇಳಿದವರ ಮನಸ್ಸು ಒಳ್ಳೆಯದೇ ಇತ್ತು. ಹಿಡಿದುಕೊಳ್ಳಲು ಏನೂ ಸಿಗದ ಉತ್ತರ ಕೊಟ್ಟರೆ ಅವರಾದರೂ ಏನು ಮಾಡಿಯಾರು?

ನಾನು ಬರೆದುಕೊಂಡ ಉತ್ತರ ಹೀಗಿತ್ತು: ‘ನಮ್ಮ ಖರೀದಿ ವಿಭಾಗವನ್ನು ಪುಣೆಗೆ ಸೇರಿಸಿದರು, ಹಾಗಾಗಿ ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ಎರಕದ ಬಿಡಿಭಾಗಗಳ ಖರೀದಿಯಲ್ಲೇ ಕೆಲಸ ಹುಡುಕುತ್ತಿದ್ದೇನೆ, ಬೆಂಗಳೂರು, ತುಮಕೂರು, ಹೊಸೂರು ಎಲ್ಲಾದರೂ ಸರಿ. ವಸಂತನರಸಾಪುರ ಅಥವಾ ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದಾರೆಯೇ?’

‘ಕೆಲಸ ಬಿಟ್ಟೆ’ ಎನ್ನದೆ ‘ಕೆಲಸ ಹೋಯಿತು’ ಎಂದು ಹೇಳಿದ್ದಕ್ಕೆ ಕಾರಣವಿದೆ. ಬಿಟ್ಟೆ ಎಂದರೆ ‘ಯಾಕೆ ಬಿಟ್ಟೆ, ಜಗಳವಾಯಿತೇ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ, ಅದಕ್ಕೆ ಇನ್ನೊಂದು ಕಥೆ ಕಟ್ಟಬೇಕಾಗುತ್ತದೆ. ಕಾರಣವನ್ನು ಅರ್ಧ ವಾಕ್ಯದಲ್ಲಿ, ಯಾರನ್ನೂ ದೂರದೆ ಹೇಳಿದರೆ ಆ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಇನ್ನು ಹುಡುಕುತ್ತಿರುವ ಕೆಲಸ ಯಾವುದೆಂದು ಖಚಿತವಾಗಿ ಹೇಳಬೇಕು. ‘ಯಾವ ಕೆಲಸವಾದರೂ ಸರಿ’ ಎಂದರೆ ಕೇಳಿದವರಿಗೆ ಯಾರ ಮುಖವೂ ನೆನಪಿಗೆ ಬರುವುದಿಲ್ಲ. ‘ಎರಕ’, ‘ತುಮಕೂರು’ ಎಂದರೆ ಬರುತ್ತದೆ. ಕೊನೆಯ ಪ್ರಶ್ನೆ ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದದ್ದು. ಇಲ್ಲ ಎನ್ನುವವರು ಮುಜುಗರವಿಲ್ಲದೆ ಮಾತು ಬದಲಿಸಬಹುದು, ಹೌದು ಎನ್ನುವವರಿಗೆ ಮುಂದೇನು ಮಾಡಬೇಕೆಂದು ಗೊತ್ತಾಗುತ್ತದೆ.

ಮನೆಯವರೆಲ್ಲ ಇದೇ ಉತ್ತರ ಕೊಡುವಂತೆ ಮಾಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ತಿಪಟೂರಿನಲ್ಲಿರುವ ಅಮ್ಮ ನೆರೆಹೊರೆಯವರಿಗೆ ‘ಅವನು ರಜೆ ಹಾಕಿದ್ದಾನೆ’ ಎಂದು ಹೇಳುತ್ತಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಮಗನ ಕೆಲಸವೆಂದರೆ ಅಲ್ಲಿ ತಾಯಿಯ ಮರ್ಯಾದೆಯೂ ಹೌದು. ಆದರೆ ಅವರು ರಜೆ ಎಂದು, ನಾನು ಕೆಲಸ ಹೋಯಿತು ಎಂದು ಹೇಳಿದರೆ, ಎರಡನ್ನೂ ಕೇಳಿದವರು ಅಮ್ಮನನ್ನು ಸುಳ್ಳುಗಾರ್ತಿ ಎಂದುಕೊಳ್ಳುತ್ತಾರೆ. ಒಂದು ಭಾನುವಾರ ಕುಳಿತು ಮಾತನಾಡಿದೆವು.

‘ಕೆಲಸ ಹೋಯಿತು ಎಂದು ನನ್ನ ಬಾಯಲ್ಲಿ ಹೇಗೆ ಹೇಳಲಿ?’ ಎಂದರು.

‘ಆ ಮಾತು ಬೇಡಮ್ಮ. ಅವರ ಆಫೀಸು ಪುಣೆಗೆ ಹೋಯಿತು, ಅವನು ಇಲ್ಲೇ ಬೇರೆ ಕಡೆ ನೋಡುತ್ತಿದ್ದಾನೆ ಎನ್ನು. ಅದೂ ನಿಜವೇ ತಾನೇ?’

ಅವರು ಅದನ್ನು ಒಪ್ಪಿಕೊಂಡರು. ಹೆಂಡತಿಗೂ ಅದೇ ಮಾತು ಹಿಡಿಸಿತು. ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗದ ಮುಂದೆ ‘ಖರೀದಿ ಎಂಜಿನಿಯರ್’ ಎಂದೇ ಬರೆದೆವು. ಅದು ನನ್ನ ವೃತ್ತಿ. ಸಂಬಳ ಕೊಡುವವರು ಬದಲಾದರೆ ವೃತ್ತಿ ಬದಲಾಗುವುದಿಲ್ಲ.

ಮದುವೆ ಮನೆಯಲ್ಲಿ ಪೂರ್ತಿ ಉತ್ತರ ಎಲ್ಲರಿಗೂ ಬೇಕಿರುವುದಿಲ್ಲ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಳಿತವರಿಗೆ ಮೊದಲ ವಾಕ್ಯ ಸಾಕು, ಲಿಫ್ಟಿನಲ್ಲಿ ಸಿಕ್ಕವರಿಗೂ ಅಷ್ಟೇ. ಆದರೆ ಚಿಕ್ಕಮ್ಮನ ಅಳಿಯ ತುಮಕೂರಿನ ಕೈಗಾರಿಕಾ ಪ್ರದೇಶಕ್ಕೆ ಸರಕು ಸಾಗಿಸುವ ಲಾರಿಗಳನ್ನು ಇಟ್ಟುಕೊಂಡವರು. ಅವರು ಕೇಳಿದಾಗ ನಾನು ಎದ್ದು ಪಕ್ಕಕ್ಕೆ ಕರೆದು ಇಡೀ ಉತ್ತರ ಹೇಳಿದೆ. ಅವರು ಯಾವ ಕಾರ್ಖಾನೆಗೆ ಎರಕದ ಮಾಲು ಇಳಿಸುತ್ತಾರೆಂದು ಕೇಳಿ, ಅಲ್ಲಿನ ಸ್ಟೋರ್ಸ್ ಮುಖ್ಯಸ್ಥರ ಹೆಸರು ಪಡೆದುಕೊಂಡೆ. ಅದೇ ಸಂಜೆ ನನ್ನ ವಿವರವನ್ನು ಒಂದೇ ಪುಟದಲ್ಲಿ ಅವರ ಮೊಬೈಲಿಗೆ ಕಳುಹಿಸಿದೆ. ‘ಕಳುಹಿಸುತ್ತೇನೆ’ ಎಂದು ಹೇಳಿ ವಾರ ಬಿಟ್ಟರೆ ಅವರಿಗೆ ನೆನಪಿರುವುದಿಲ್ಲ.

ನಮ್ಮ ಕ್ಷೇತ್ರದವರೇ ಕೇಳಿದಾಗ ಮಾತ್ರ ನಡುವಿನ ವಾಕ್ಯ ಬೇರೆಯಾಗಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ, ಹಿಂದೆ ನಮಗೆ ಮಾಲು ಕೊಡುತ್ತಿದ್ದ ಒಬ್ಬರು ಫೋನಿನಲ್ಲಿ ‘ಈಗ ಎಲ್ಲಿದ್ದೀರಿ ಸರ್?’ ಎಂದರು. ನಾನು ಕಾರಣವನ್ನು ಹೇಳಿ, ‘ಸದ್ಯ ಸಮಯವಿದೆ. ನಿಮ್ಮ ಯಾವುದಾದರೂ ಬಿಡಿಭಾಗದ ದರ ಗಿಟ್ಟುತ್ತಿಲ್ಲ ಎನಿಸಿದರೆ ಕೂತು ಲೆಕ್ಕ ಹಾಕಿಕೊಡಬಲ್ಲೆ’ ಎಂದೆ. ಅವರಿಗೆ ಅಂಥ ತೊಂದರೆ ಇದ್ದೇ ಇತ್ತು. 20 ಕಿಲೋ ತೂಕದ ಪಂಪ್ ಹೊರಕವಚವೊಂದರಲ್ಲಿ ತಿಂಗಳು ತಿಂಗಳೂ ನಷ್ಟವಾಗುತ್ತಿತ್ತು.

ಹೋಗಿ ನೋಡಿದೆ. ದರ ಕೊಡುವಾಗ ಅವರು ಸುರಿದ ಲೋಹದಲ್ಲಿ ಶೇಕಡಾ 65 ಭಾಗ ಬಿಡಿಭಾಗವಾಗಿ ಉಳಿಯುತ್ತದೆ ಎಂದು ಲೆಕ್ಕ ಹಿಡಿದಿದ್ದರು. ಹಾಗಾದರೆ ಒಂದು ಕವಚಕ್ಕೆ ಸುಮಾರು 31 ಕಿಲೋ ಸುರಿಯಬೇಕು. ಸುರಿಯುವ ದಾಖಲೆ ಪುಸ್ತಕ ನೋಡಿದರೆ 34 ಕಿಲೋ ದಾಟುತ್ತಿತ್ತು, ಅಂದರೆ ಶೇಕಡಾ 58ರ ಆಸುಪಾಸು. ಹೆಚ್ಚಾದ ಲೋಹ ಮತ್ತೆ ಕುಲುಮೆಗೆ ಹೋಗುತ್ತದೆ ನಿಜ. ಆದರೆ ಅದನ್ನು ಕರಗಿಸಿದ ವಿದ್ಯುತ್ತು ಮರಳಿ ಬರುವುದಿಲ್ಲ. ಇಂಡಕ್ಷನ್ ಕುಲುಮೆಯಲ್ಲಿ ಟನ್ನಿಗೆ 600 ಯೂನಿಟ್ ಎಂದರೂ ಒಂದೊಂದು ಕವಚಕ್ಕೆ ಎರಡು ಯೂನಿಟ್ಟಿನಷ್ಟು ಹೆಚ್ಚುವರಿ ಖರ್ಚು, ಜೊತೆಗೆ ಕರಗಿಸುವಾಗ ಸುಟ್ಟುಹೋಗುವ ಲೋಹ. ಅದನ್ನು ಹಾಳೆಯಲ್ಲಿ ಬಿಡಿಸಿ ತೋರಿಸಿದೆ. ಅವರು ಇನ್ನೂ ಕೆಲವು ಬಿಡಿಭಾಗಗಳನ್ನು ಕೊಟ್ಟರು, ಸಂಭಾವನೆಯನ್ನು ಬ್ಯಾಂಕ್ ಖಾತೆಗೆ ಹಾಕಿದರು.

ಅಂದಿನಿಂದ ನನ್ನ ಉತ್ತರಕ್ಕೆ ಒಂದು ವಾಕ್ಯ ಸೇರಿತು: ‘ಬೆಳಗಾವಿಯ ಒಂದು ಫೌಂಡ್ರಿಗೆ ದರದ ಲೆಕ್ಕಗಳನ್ನು ಮತ್ತೆ ಹಾಕಿಕೊಡುತ್ತಿದ್ದೇನೆ.’ ‘ಕನ್ಸಲ್ಟೆನ್ಸಿ ನಡೆಸುತ್ತಿದ್ದೇನೆ’ ಎಂದು ಎಲ್ಲಿಯೂ ಹೇಳಲಿಲ್ಲ. ಆ ಮಾತು ಹೇಳಿದರೆ ಎಷ್ಟು ಗ್ರಾಹಕರು, ವಹಿವಾಟು ಎಷ್ಟು ಎಂದು ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಸ್ವಂತ ಉದ್ಯೋಗದಲ್ಲಿ ನೆಲೆಗೊಂಡವನು ನಮ್ಮಲ್ಲಿ ನಿಲ್ಲುವನೇ ಎಂಬ ಅನುಮಾನ ಹುಟ್ಟುತ್ತದೆ. ಮಾಡಿದ ಕೆಲಸವನ್ನು ಅದು ಇದ್ದಷ್ಟೇ ಅಳತೆಯಲ್ಲಿ ಹೇಳಿದಾಗ ಮುಂದಿನ ಪ್ರಶ್ನೆ ಎಷ್ಟೇ ಆಳಕ್ಕೆ ಹೋದರೂ ಉತ್ತರ ಇರುತ್ತದೆ. ಫೌಂಡ್ರಿಯ ಹೆಸರು ಮತ್ತು ಅವರ ಗ್ರಾಹಕರ ಹೆಸರನ್ನು ಮಾತ್ರ ಹೊರಗೆ ಬಿಡಲಿಲ್ಲ. ದರ ಅವರ ಗುಟ್ಟು.

ಸಂದರ್ಶನದಲ್ಲಿ ಇದೇ ಪ್ರಶ್ನೆ ಬಂದಾಗ ಅದರೊಳಗೆ ಮೂರು ಅನುಮಾನಗಳಿರುತ್ತವೆ. ಕೆಲಸ ಹೋದದ್ದು ಇವನ ತಪ್ಪಿನಿಂದಲೇ, ಕೈ ಮರೆತಿದ್ದಾನೆಯೇ, ಯಾವಾಗ ಸೇರುತ್ತಾನೆ. ನನ್ನ ಉತ್ತರ ಅರ್ಧ ನಿಮಿಷದಲ್ಲಿ ಆ ಮೂರನ್ನೂ ಮುಟ್ಟುತ್ತಿತ್ತು: ವಿಭಾಗ ಮುಚ್ಚಿದ್ದು, ಫೌಂಡ್ರಿಯ ಲೆಕ್ಕ, ನಾಳೆಯೇ ಸೇರಬಲ್ಲೆ ಎಂಬುದು. ಈ ಕೊನೆಯದನ್ನು ಗಟ್ಟಿಯಾಗಿ ಹೇಳುವುದರಲ್ಲಿ ಲಾಭವಿದೆ. ಕೆಲಸದಲ್ಲಿರುವ ಅಭ್ಯರ್ಥಿಗಳು ಎರಡು ಮೂರು ತಿಂಗಳ ನೋಟಿಸ್ ಅವಧಿ ಮುಗಿಸಿ ಬರಬೇಕಾಗಿರುತ್ತದೆ, ಎಷ್ಟೋ ಕಾರ್ಖಾನೆಗಳಿಗೆ ಅಷ್ಟು ಕಾಯುವ ವ್ಯವಧಾನವಿರುವುದಿಲ್ಲ.

ನಡುವಿನ ತಿಂಗಳುಗಳನ್ನು ಮುಚ್ಚಿಟ್ಟು ‘ಇನ್ನೂ ಅಲ್ಲೇ ಇದ್ದೇನೆ’ ಎಂದು ಹೇಳುವಂತೆ ಒಬ್ಬ ನೇಮಕಾತಿ ಏಜೆಂಟ್ ನನಗೆ ಸೂಚಿಸಿದ್ದ. ಅದು ನಿಲ್ಲುವ ಮಾತಲ್ಲ. ಹೊಸ ಸಂಸ್ಥೆ ಕಾರ್ಯಮುಕ್ತಿ ಪತ್ರ ಕೇಳುತ್ತದೆ, ಕೊನೆಯ ಸಂಬಳ ಚೀಟಿಗಳನ್ನು ಕೇಳುತ್ತದೆ, ಭವಿಷ್ಯ ನಿಧಿಯ ಖಾತೆಯಲ್ಲಿ ಸೇವೆ ಮುಗಿದ ದಿನಾಂಕ ಕಾಣುತ್ತದೆ. ಇದರ ತಿರುವು ತೊಂದರೆಯೂ ಇದೆ. ಹಳೆಯ ಸಂಸ್ಥೆ ಆ ದಿನಾಂಕವನ್ನು ನಮೂದಿಸದೆ ಬಿಟ್ಟರೆ, ನಿಜ ಹೇಳಿದವರೂ ಇನ್ನೂ ಅಲ್ಲೇ ಕೆಲಸದಲ್ಲಿರುವಂತೆ ದಾಖಲೆ ತೋರಿಸುತ್ತದೆ. ಕೊನೆಯ ವಂತಿಗೆ ಸಂದಾಯವಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಇಪಿಎಫ್‌ಒ ಪೋರ್ಟಲ್‌ನಲ್ಲಿ ಅದನ್ನು ನಮೂದಿಸಬಹುದು. ನಾನು ಹಾಗೆಯೇ ಮಾಡಿದೆ. ಬಾಯಲ್ಲಿ ಹೇಳುವ ತಿಂಗಳು, ಪರಿಚಯ ಪತ್ರದಲ್ಲಿರುವ ತಿಂಗಳು, ಖಾತೆಯಲ್ಲಿರುವ ತಿಂಗಳು ಮೂರೂ ಒಂದೇ ಆಗಿರಬೇಕು.

ಮಳೆಗಾಲ ಕಳೆಯುವ ಹೊತ್ತಿಗೆ ಅದೇ ಜನ ಎರಡನೆಯ ಸಲ ಕೇಳತೊಡಗಿದರು: ‘ಇನ್ನೂ ಆಗಲಿಲ್ಲವೇ?’ ಇದು ಮೊದಲ ಸಲಕ್ಕಿಂತ ಹೆಚ್ಚು ನೋಯಿಸುತ್ತದೆ. ಹಳೆಯ ಉತ್ತರವನ್ನೇ ಮತ್ತೆ ಹೇಳಿದರೆ ಎಲ್ಲವೂ ನಿಂತುಹೋಗಿದೆ ಎಂದು ಕೇಳಿದವರಿಗೂ ಅನಿಸುತ್ತದೆ, ಹೇಳಿದವರಿಗೂ ಅನಿಸುತ್ತದೆ. ನಾನು ಮೊದಲು ‘ಇನ್ನೂ ಇಲ್ಲ’ ಎಂದು ನೇರವಾಗಿ ಹೇಳಿ, ಕಳೆದ ಸಲದಿಂದ ಏನು ಬದಲಾಗಿದೆಯೋ ಅದೊಂದನ್ನು ಸೇರಿಸುತ್ತಿದ್ದೆ: ‘ಹೊಸೂರಿನಲ್ಲಿ ಎರಡನೆಯ ಸುತ್ತಿನ ಸಂದರ್ಶನವಾಗಿದೆ’, ‘ಯಂತ್ರದ ಬಿಡಿಭಾಗಗಳ ಕಡೆಯೂ ನೋಡುತ್ತಿದ್ದೇನೆ’. ಏನೂ ಬದಲಾಗಿರದ ವಾರಗಳೂ ಇದ್ದವು. ಆಗ ‘ಇನ್ನೂ ಇಲ್ಲ, ಆದಾಗ ನಾನೇ ಫೋನ್ ಮಾಡುತ್ತೇನೆ’ ಎನ್ನುತ್ತಿದ್ದೆ. ಹಾಗೆ ಮಾತು ಕೊಟ್ಟ ಮೇಲೆ ಹೆಚ್ಚಿನವರು ಮತ್ತೆ ಕೇಳಲಿಲ್ಲ. ಸಂದರ್ಶನ ನಡೆದ ಸಂಸ್ಥೆಯ ಹೆಸರನ್ನು ಮಾತ್ರ ಮನೆಯವರನ್ನು ಬಿಟ್ಟು ಯಾರಿಗೂ ಹೇಳುತ್ತಿರಲಿಲ್ಲ. ಅದು ಕೈತಪ್ಪಿದರೆ ಅದರ ಕಾರಣವನ್ನೂ ಎಲ್ಲರಿಗೂ ವಿವರಿಸಬೇಕಾಗುತ್ತದೆ.

ಕೊನೆಗೆ ಕೆಲಸ ಸಿಕ್ಕಿದ್ದು ತುಮಕೂರಿನಲ್ಲಿ, ಲಾರಿಯವರು ಹೆಸರು ಕೊಟ್ಟ ಕಾರ್ಖಾನೆಯಲ್ಲಲ್ಲ, ಅಲ್ಲಿನ ಸ್ಟೋರ್ಸ್ ಮುಖ್ಯಸ್ಥರು ಹೇಳಿದ ಪಕ್ಕದ ಕಾರ್ಖಾನೆಯಲ್ಲಿ. ನೇಮಕಾತಿ ಪತ್ರ ಕೈಗೆ ಬರುವವರೆಗೂ ಉತ್ತರ ಬದಲಿಸಲಿಲ್ಲ. ಬಂದ ಮೇಲೆ, ನನ್ನ ವಿವರವನ್ನು ಎಲ್ಲೆಲ್ಲಿಗೋ ಕಳುಹಿಸಿದ್ದವರಿಗೆಲ್ಲ ಒಬ್ಬೊಬ್ಬರಿಗಾಗಿ ಫೋನ್ ಮಾಡಿದೆ. ಇಲ್ಲದಿದ್ದರೆ ಅವರು ಇನ್ನೂ ನನ್ನ ಹೆಸರು ಹೇಳುತ್ತಲೇ ಇರುತ್ತಿದ್ದರು, ಆ ಜಾಗ ಇನ್ನೊಬ್ಬರಿಗೆ ಬೇಕಾಗಿರುತ್ತಿತ್ತು.