ಕೆನಡಾ ಪಿಆರ್‌ಗೆ ಯಾವ ಐಇಎಲ್‌ಟಿಎಸ್, ಎಲ್ಲಿವರೆಗೆ ನಡೆಯುತ್ತೆ?

ಕೆನಡಾಕ್ಕೆ ಓದಲು ಹೋದವರು ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ಆಗಿ ಇರುವ ಅನುಮತಿಗೆ ಅರ್ಜಿ ಹಾಕುವಾಗ, ಕಾಲೇಜಿಗೆ ಕೊಟ್ಟಿದ್ದ ಹಳೇ ಐಇಎಲ್‌ಟಿಎಸ್ ಸರ್ಟಿಫಿಕೇಟನ್ನೇ ಮತ್ತೆ ಹುಡುಕಿ ತೆಗೆಯುತ್ತಾರೆ. ಅದು ನಡೆಯುವುದಿಲ್ಲ.

ಮೊದಲು, ಸರಿಯಾದ ಪರೀಕ್ಷೆ ಬುಕ್ ಮಾಡಿ. ಕಾಲೇಜು ಸೀಟಿಗೆ ಅಕಾಡೆಮಿಕ್, ಪಾಯಿಂಟ್ ನೋಡಿ ಪಿಆರ್‌ಗೆ ಆಹ್ವಾನ ಕೊಡುವ ಎಕ್ಸ್‌ಪ್ರೆಸ್ ಎಂಟ್ರಿಗೆ ಜನರಲ್ ಟ್ರೈನಿಂಗ್. ಕೇಳುವುದು, ಮಾತಾಡುವುದು ಎರಡರಲ್ಲೂ ಒಂದೇ. ಓದುವ ಮತ್ತು ಬರೆಯುವ ಭಾಗ ಬೇರೆ: ಅಕಾಡೆಮಿಕ್‌ನಲ್ಲಿ ಗ್ರಾಫ್ ನೋಡಿ ವಿವರಿಸಬೇಕು, ಜನರಲ್‌ನಲ್ಲಿ ಪತ್ರ ಬರೆಯಬೇಕು. ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೂ ಇದೇ ಕಥೆ, ಪಿಆರ್‌ಗೆ ಬೇಕಾದ್ದು ಪಿಟಿಇ ಕೋರ್.

ಆಮೇಲೆ ಅಂಕ. ಇಲ್ಲಿ ಒಟ್ಟು ಬ್ಯಾಂಡ್ ನೋಡಲೇಬೇಡಿ. ನಾಲ್ಕೂ ಭಾಗದಲ್ಲಿ 7.5 ಬಂದವರ ಒಟ್ಟು 7.5. ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ಬಂದವರ ಒಟ್ಟೂ 7.5. ಆದರೆ ಕೆನಡಾ ಭಾಷೆಯನ್ನು ಅಳೆಯುವುದು ಸಿಎಲ್‌ಬಿ ಅನ್ನುವ ತನ್ನದೇ ಮಟ್ಟಗಳಲ್ಲಿ; ಪಾಯಿಂಟ್ ಜಾಸ್ತಿ ತಂದುಕೊಡುವ ಸಿಎಲ್‌ಬಿ 9 ಮಟ್ಟ ನಾಲ್ಕೂ ಭಾಗದಲ್ಲಿ ಸಿಗುವುದು ಎರಡನೆಯವರಿಗೆ ಮಾತ್ರ, ಯಾಕೆಂದರೆ ಅದಕ್ಕೆ ಕೇಳುವುದರಲ್ಲಿ 8 ಇರಲೇಬೇಕು. ಹಾಗಾಗಿ ತಯಾರಿಯ ಹೆಚ್ಚು ಹೊತ್ತನ್ನು ಕೇಳುವುದಕ್ಕೇ ಕೊಡಿ. ಬಾಯಿಪಾಠದ ಉತ್ತರಗಳ ಪುಸ್ತಕಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡಿಸುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ, ಸಿಕ್ಕಿಬಿದ್ದರೆ 5 ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ.

ಎಲ್ಲರೂ ಎಡವುವುದು ತಾರೀಖಿನಲ್ಲಿ. ಫಲಿತಾಂಶಕ್ಕೆ 2 ವರ್ಷ ತುಂಬಿರಬಾರದು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರೊಫೈಲ್ ಹಾಕುವ ದಿನ ಇದು ಸರಿಯಿದ್ದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ, ಪಿಆರ್ ಅರ್ಜಿ ಸಲ್ಲಿಸುವ ದಿನವೂ ಅದು ಚಾಲ್ತಿಯಲ್ಲಿರಬೇಕು.

ಲೆಕ್ಕ ಹಾಕಿ ನೋಡೋಣ. ಫಲಿತಾಂಶ 2024ರ ಮಾರ್ಚ್ 10ರದ್ದು. ಅರ್ಜಿ ಹಾಕಿ ಅಂತ ಆಹ್ವಾನ ಬಂದದ್ದು 2026ರ ಜನವರಿ 20ಕ್ಕೆ. ಆಹ್ವಾನ ಬಂದ ಮೇಲೆ 60 ದಿನ ಸಮಯ, ಅಂದರೆ ಮಾರ್ಚ್ 21ರವರೆಗೆ ಇದೆ ಅಂತ ಕಾಣುತ್ತದೆ. ಆದರೆ ಸರ್ಟಿಫಿಕೇಟ್ ಮಾರ್ಚ್ 10ಕ್ಕೇ ಮುಗಿಯುತ್ತದಲ್ವಾ? ಹಾಗಾಗಿ ಇವರು ಪೊಲೀಸ್ ಸರ್ಟಿಫಿಕೇಟ್, ಮೆಡಿಕಲ್, ಬ್ಯಾಂಕ್ ಪತ್ರ ಎಲ್ಲ ಸೇರಿಸಿ ಮಾರ್ಚ್ 9ರೊಳಗೆ ಕಳಿಸಲೇಬೇಕು. ಆಹ್ವಾನ ಬಂದ ಮೇಲೆ ಗಡಿಬಿಡಿಯಲ್ಲಿ ಮತ್ತೆ ಪರೀಕ್ಷೆ ಬರೆದು ಅಂಕ ಇಳಿದರೆ, ಆ ಸುತ್ತಿನ ಕಟಾಫ್‌ಗಿಂತ ಕೆಳಗೆ ಹೋಗಿ ಅರ್ಜಿಯೇ ತಿರಸ್ಕಾರ ಆಗಬಹುದು.

ಅದಕ್ಕೇ ಅವಧಿ ಮುಗಿಯಲು 6 ತಿಂಗಳು ಇದ್ದರೂ ಆಹ್ವಾನ ಬಂದಿಲ್ಲ ಅಂದರೆ ಮತ್ತೆ ಬರೆಯಿರಿ. ಒಂದೇ ಭಾಗ ಮತ್ತೆ ಬರೆಯುವ ಸೌಲಭ್ಯ ಐಇಎಲ್‌ಟಿಎಸ್‌ನಲ್ಲಿದೆ, ಆದರೆ ಕೆನಡಾ ವಲಸೆ ಇಲಾಖೆ ಅದನ್ನು ಒಪ್ಪುವುದಿಲ್ಲ, ನಾಲ್ಕೂ ಭಾಗ ಒಟ್ಟಿಗೆ ಬರೆಯಬೇಕು. ಹೊಸ ಫಲಿತಾಂಶ ಬಂದ ಕೂಡಲೇ ಪ್ರೊಫೈಲ್‌ನಲ್ಲಿ ಅಂಕ, ತಾರೀಖು, ಫಲಿತಾಂಶ ಪತ್ರದ ನಂಬರ್ ಮೂರನ್ನೂ ಬದಲಾಯಿಸಿ.