ತುರ್ತು ಕರೆಗಳು ಮಾತ್ರ ಎಂದು ಫೋನ್ ತೋರಿಸಿದರೆ

ಈ ಸೂಚನೆ ಬಂದೊಡನೆ ಸಿಮ್ ಕೆಟ್ಟಿದೆ ಎಂದುಕೊಳ್ಳಬೇಡಿ. ಫೋನಿಗೆ ಯಾವುದೋ ಟವರ್ ಸಿಗುತ್ತಿದೆ, ಆದರೆ ನಿಮ್ಮ ಕಂಪನಿಯ ಜಾಲದಲ್ಲಿ ನೋಂದಣಿ ಆಗಿಲ್ಲ ಎಂದಷ್ಟೇ ಇದರ ಅರ್ಥ.

ಮೊದಲು ಏರ್‌ಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಫೋನ್ ಹೊಸದಾಗಿ ನೋಂದಣಿಗೆ ಯತ್ನಿಸುತ್ತದೆ.

ಆಗಲೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್ ವಿಭಾಗದಲ್ಲಿ ನೆಟ್‌ವರ್ಕ್ ಆಯ್ಕೆ ನೋಡಿ. ಬಹಳ ಮಂದಿ ಗಮನಿಸದ ಜಾಗ ಇದು. ಪ್ರವಾಸದಲ್ಲಿ ರೋಮಿಂಗ್‌ಗಾಗಿ ಬೇರೊಂದು ಜಾಲವನ್ನು ಕೈಯಾರೆ ಆರಿಸಿದ್ದರೆ, ಊರಿಗೆ ಮರಳಿದ ಮೇಲೂ ಫೋನ್ ಅದನ್ನೇ ಹುಡುಕುತ್ತಿರಬಹುದು. ‘ಸ್ವಯಂಚಾಲಿತ’ ಎಂದು ಬದಲಿಸಿ. ಪಟ್ಟಿಯಿಂದ ನಿಮ್ಮದೇ ಕಂಪನಿಯನ್ನು ಆರಿಸಿದರೂ ನೋಂದಣಿ ನಿರಾಕರಣೆಯಾದರೆ ಸಿಮ್ಮನ್ನು ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲಿಯೂ ಹೀಗೆಯೇ ಆದರೆ ಸಂಪರ್ಕ ಸ್ಥಗಿತಗೊಂಡಿದೆಯೇ ಎಂದು ಕಂಪನಿಯನ್ನು ಕೇಳಿ. ಆ ಇನ್ನೊಂದು ಫೋನಿನಲ್ಲಿ ಸಿಮ್ ಕೆಲಸ ಮಾಡಿದರೆ ತೊಂದರೆ ನಿಮ್ಮ ಫೋನಿನದು.